ಹೊಸ ಜೆಲ್ ಹಚ್ಚಿದ ಮೇಲೆ ಮೊಡವೆ ಜಾಸ್ತಿಯಾಯಿತೇ? ಪರ್ಜಿಂಗೋ ಬೇರೆ ತೊಂದರೆಯೋ ಗುರುತಿಸುವ ಕ್ರಮ

ಶಿವಮೊಗ್ಗದಲ್ಲಿ ಮೆಡಿಕಲ್ ಶಾಪಿನ ಕೌಂಟರಿನ ಹಿಂದೆ ನಿಂತು ಕೆಲಸ ಮಾಡುವವಳು ನಾನು. ಮೊಡವೆಗೆ ಹಚ್ಚುವ ಅಡಾಪಲೀನ್ ಜೆಲ್ ತಗೊಂಡು ಹೋದವರು ಮೂರು ವಾರಕ್ಕೆ ವಾಪಸ್ ಬರುತ್ತಾರೆ. ಮುಖದ ತುಂಬ ಗುಳ್ಳೆ. ಕೆಲವರು ಆಗಲೇ ಟ್ಯೂಬ್ ಎಸೆದಿರುತ್ತಾರೆ, ಇನ್ನು ಕೆಲವು ವಾರ ತಡೆದಿದ್ದರೆ ಅವರಿಗೆ ಗುಣ ಕಾಣಿಸುತ್ತಿತ್ತು. ಇನ್ನು ಕೆಲವರು "ಪರ್ಜಿಂಗ್ ಅಂತೆ, ಒಳಗಿನ ಮೊಡವೆಯೆಲ್ಲ ಹೊರಗೆ ಬರ್ತಿದೆಯಂತೆ, ತಡ್ಕೋಬೇಕಂತೆ" ಎಂದು ನಾಲ್ಕು ತಿಂಗಳು ಹಚ್ಚಿ ಮುಖ ಸುಟ್ಟುಕೊಂಡು ಬರುತ್ತಾರೆ.

ಎರಡೂ ಕಡೆಯವರು ಮಾಡುವ ತಪ್ಪು ಒಂದೇ. ಇಡೀ ಮುಖಕ್ಕೆ ಒಂದೇ ತೀರ್ಪು ಕೊಡುತ್ತಾರೆ. ಕೆನ್ನೆಯಲ್ಲಿ ಪರ್ಜಿಂಗ್ ನಡೆಯುತ್ತಿರುವಾಗಲೇ ಹಣೆಯಲ್ಲಿ ಬೇರೆಯದೇ ತೊಂದರೆ ಇರಬಹುದು. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಇದು ಜಾಸ್ತಿ. ಅದಕ್ಕೇ ಜಾಗ ಜಾಗವಾಗಿ ನೋಡುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಉದಾಹರಣೆಗೆ 0.1 ಶೇಕಡಾ ಅಡಾಪಲೀನ್ ಜೆಲ್ ತಗೊಂಡಿದ್ದೇನೆ. ಟ್ರೆಟಿನಾಯಿನ್, ರೆಟಿನಾಲ್ ಬಳಸುವವರಿಗೂ ಇದೇ ಕ್ರಮ ಹೊಂದುತ್ತದೆ.

## 1. ಒಳಗೆ ಏನು ನಡೆಯುತ್ತದೆ ಎಂದು ಮೊದಲು ತಿಳಿಯಿರಿ

ಮೊಡವೆ ನಮಗೆ ಕಾಣುವ ದಿನ ಹುಟ್ಟುವುದಿಲ್ಲ. ಕೂದಲ ಬುಡದ ಸಣ್ಣ ರಂಧ್ರದಲ್ಲಿ ಸತ್ತ ಚರ್ಮ ಮತ್ತು ಜಿಡ್ಡು ಸೇರಿ ಬಿರಡೆಯ ಹಾಗೆ ಕಟ್ಟಿಕೊಳ್ಳುತ್ತದೆ. ಅದು ಮೇಲೆ ಗುಳ್ಳೆಯಾಗಿ ಕಾಣುವ ಮೊದಲು ವಾರಗಟ್ಟಲೆ ಒಳಗೇ ಇರುತ್ತದೆ. ಕನ್ನಡಿಯಲ್ಲಿ ಚರ್ಮ ನುಣುಪಾಗಿ ಕಂಡರೂ ಒಳಗೆ ದಾಸ್ತಾನು ಇರುತ್ತದೆ.

ಅಡಾಪಲೀನ್ ಈ ರಂಧ್ರದ ಚರ್ಮ ಬೇಗ ಬೇಗ ಕಳಚುವ ಹಾಗೆ ಮಾಡುತ್ತದೆ. ಆಗ ಒಂದೊಂದಾಗಿ ತಿಂಗಳುಗಟ್ಟಲೆ ಬರಬೇಕಿದ್ದ ಗುಳ್ಳೆಗಳು ಕೆಲವೇ ವಾರಗಳಲ್ಲಿ ಒಟ್ಟಿಗೆ ಮೇಲೆ ಬರುತ್ತವೆ. ಇದಕ್ಕೇ ಪರ್ಜಿಂಗ್ ಅನ್ನುವುದು. ಎಲ್ಲರಿಗೂ ಆಗುವುದಿಲ್ಲ. ಆಗದಿದ್ದರೆ ಔಷಧಿ ಕೆಲಸ ಮಾಡುತ್ತಿಲ್ಲ ಎಂದೂ ಅಲ್ಲ.

ಈ ಒಂದು ವಿಷಯದಿಂದ ಮೂರು ಗುರುತುಗಳು ತಾವಾಗಿಯೇ ಸಿಗುತ್ತವೆ. ದಾಸ್ತಾನು ಎಲ್ಲಿತ್ತೋ ಅಲ್ಲೇ ಗುಳ್ಳೆ ಬರಬೇಕು, ಅಂದರೆ ಮೊದಲೂ ಮೊಡವೆ ಆಗುತ್ತಿದ್ದ ಜಾಗದಲ್ಲಿ. ಬಂದ ಗುಳ್ಳೆ ಮಾಮೂಲಿಗಿಂತ ಬೇಗ ಒಣಗಬೇಕು. ದಾಸ್ತಾನು ಖಾಲಿಯಾದ ಮೇಲೆ ಹೊಸದು ಬರುವುದು ಕಡಿಮೆಯಾಗಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಅನುಮಾನ ಪಡಿ.

## 2. ನೀವು ಹಚ್ಚಿದ್ದರಿಂದ ಪರ್ಜಿಂಗ್ ಆಗಲು ಸಾಧ್ಯವೇ?

ಹಚ್ಚಿದ ಕ್ರೀಮ್ ಯಾವುದು ಎಂದು ನೋಡದೆ ಮುಂದೆ ಹೋಗಬೇಡಿ. ಚರ್ಮ ಕಳಚುವ ವೇಗ ಹೆಚ್ಚಿಸುವ ಔಷಧಿಯಿಂದ ಮಾತ್ರ ಪರ್ಜಿಂಗ್ ಆಗುತ್ತದೆ. ಅಡಾಪಲೀನ್, ಟ್ರೆಟಿನಾಯಿನ್, ರೆಟಿನಾಲ್ ಈ ಗುಂಪಿನವು. ಗ್ಲೈಕಾಲಿಕ್, ಲ್ಯಾಕ್ಟಿಕ್, ಸ್ಯಾಲಿಸಿಲಿಕ್ ಆಸಿಡ್‌ಗಳೂ ಇದೇ ಗುಂಪು.

ಹೊಸ ಮಾಯಿಶ್ಚರೈಸರ್, ಸನ್‌ಸ್ಕ್ರೀನ್, ಫೇಸ್ ಆಯಿಲ್, ಹೈಲುರಾನಿಕ್ ಆಸಿಡ್ ಸೀರಮ್, ನಿಯಾಸಿನಮೈಡ್ ಈ ಗುಂಪಿನವಲ್ಲ. ಇವುಗಳನ್ನು ಹಚ್ಚಿ ಗುಳ್ಳೆ ಬಂದರೆ ಪರ್ಜಿಂಗ್ ಎಂದು ಕಾಯುವುದರಲ್ಲಿ ಅರ್ಥವಿಲ್ಲ. ಅದು ನಿಮ್ಮ ಚರ್ಮಕ್ಕೆ ಒಗ್ಗಲಿಲ್ಲ, ನಿಲ್ಲಿಸಿ. ಕೊಬ್ಬರಿ ಎಣ್ಣೆಗೂ ಇದೇ ಮಾತು. ತಲೆಗೆ ಹಚ್ಚಿದ ಎಣ್ಣೆ ಹಣೆಗೆ ಇಳಿದು ರಂಧ್ರ ಕಟ್ಟಿಸುವುದನ್ನು ನಮ್ಮ ಮನೆಗಳಲ್ಲಿ ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಟ್ಯೂಬಿನ ಮೇಲೆ ಬೀಟಾಮೆಥಾಸೋನ್, ಕ್ಲೋಬೆಟಸಾಲ್ ಅಥವಾ ಮೊಮೆಟಾಸೋನ್ ಎಂಬ ಹೆಸರಿದ್ದರೆ ಅದರಲ್ಲಿ ಸ್ಟೀರಾಯ್ಡ್ ಇದೆ. ಬೆಳ್ಳಗಾಗಲು ಎಂದು ಕೊಡುವ ಎಷ್ಟೋ ಮಿಶ್ರಣದ ಕ್ರೀಮ್‌ಗಳಲ್ಲಿ ಟ್ರೆಟಿನಾಯಿನ್ ಜೊತೆಗೇ ಸ್ಟೀರಾಯ್ಡ್ ಇರುತ್ತದೆ. ಮೊದಲ ವಾರ ಮುಖ ಚೆನ್ನಾಗಿ ಕಾಣುತ್ತದೆ. ಆಮೇಲೆ ಒಂದೇ ಅಳತೆಯ ಕೆಂಪು ಗುಳ್ಳೆಗಳು ಎದ್ದು, ಚರ್ಮ ತೆಳುವಾಗುತ್ತಾ ಹೋಗುತ್ತದೆ. ಅದು ಪರ್ಜಿಂಗ್ ಅಲ್ಲ. ಬಹಳ ದಿನ ಹಚ್ಚಿದ್ದರೆ ಒಮ್ಮೆಗೇ ಬಿಟ್ಟರೂ ಮುಖ ಉರಿದು ಕೆಂಪಗಾಗಬಹುದು. ಟ್ಯೂಬ್ ಹಿಡಿದುಕೊಂಡು ನೇರ ಚರ್ಮದ ಡಾಕ್ಟರ ಹತ್ತಿರ ಹೋಗಿ.

## 3. ಹಚ್ಚುವ ಮೊದಲೇ ಮುಖದ ನಕ್ಷೆ ಬರೆದುಕೊಳ್ಳಿ

ಬೇಕಾದ ಸಾಮಾನು ಹೆಚ್ಚಿಲ್ಲ. ಒಂದು ನೋಟ್‌ಬುಕ್, ಫೋನು, ನೊರೆ ಕಡಿಮೆ ಇರುವ ಸಾದಾ ಫೇಸ್‌ವಾಶ್, ವಾಸನೆ ಇಲ್ಲದ ಮಾಯಿಶ್ಚರೈಸರ್, ಸನ್‌ಸ್ಕ್ರೀನ್. ಕೊನೆಯ ಮೂರನ್ನೂ ಜೆಲ್ ಶುರು ಮಾಡುವ ಎರಡು ವಾರ ಮೊದಲೇ ಬಳಸಿ ನೋಡಿರಬೇಕು. ನಾಲ್ಕು ಹೊಸ ವಸ್ತುಗಳನ್ನು ಒಂದೇ ದಿನ ಶುರು ಮಾಡಿದವರಿಗೆ ಯಾವುದು ಕೆಡಿಸಿತು ಎಂದು ಹೇಳಲು ಯಾವ ಡಾಕ್ಟರಿಗೂ ಆಗುವುದಿಲ್ಲ.

ನೋಟ್‌ಬುಕ್ಕಿನಲ್ಲಿ ಒಂದು ಮುಖ ಬರೆದು ಐದು ಭಾಗ ಮಾಡಿ. ಹಣೆ, ಮೂಗು, ಎರಡು ಕೆನ್ನೆ, ಗಲ್ಲ. ಒಂದೊಂದರಲ್ಲಿ ಇವತ್ತು ಎಷ್ಟು ಗುಳ್ಳೆ ಇದೆ ಎಂದು ಎಣಿಸಿ ಬರೆಯಿರಿ. ಕಳೆದ ಆರು ತಿಂಗಳಲ್ಲಿ ಎಲ್ಲೆಲ್ಲಿ ಮೊಡವೆ ಆಗುತ್ತಿತ್ತು ಎಂದೂ ಗುರುತು ಮಾಡಿ. ಹಳೆಯ ಕಲೆಗಳೇ ಅದಕ್ಕೆ ಸಾಕ್ಷಿ. ನಿಮ್ಮ ಒಂದು ಮೊಡವೆ ಸಾಮಾನ್ಯವಾಗಿ ಎಷ್ಟು ದಿನ ಇರುತ್ತದೆ ಎಂಬುದನ್ನೂ ಬರೆದಿಡಿ. ಇದನ್ನು ಎಲ್ಲರೂ ಬಿಡುತ್ತಾರೆ. ಆದರೆ ಆಮೇಲೆ ಹೋಲಿಸಿ ನೋಡಲು ಇದೇ ಬೇಕಾಗುವುದು.

ಫೋಟೋವನ್ನು ವಾರಕ್ಕೊಮ್ಮೆ, ಒಂದೇ ದಿನ, ಒಂದೇ ಬಲ್ಬಿನ ಕೆಳಗೆ ತೆಗೆಯಿರಿ. ಕಿಟಕಿಯ ಬೆಳಕು ನಂಬಬೇಡಿ. ಜುಲೈ ತಿಂಗಳಲ್ಲಿ ಮೋಡ ಕವಿದ ದಿನ ಮುಖ ನುಣ್ಣಗೆ ಕಾಣುತ್ತದೆ, ಹೊಳವಾದ ದಿನ ಗುಳ್ಳೆಗಳೆಲ್ಲ ಎದ್ದು ಕಾಣುತ್ತವೆ. ಕರೆಂಟ್ ಹೋಗಿದ್ದರೆ ಫ್ಲಾಶ್ ಹಾಕಿ ತೆಗೆಯುವ ಬದಲು ಮರುದಿನ ತೆಗೆಯಿರಿ. ಬ್ಯೂಟಿ ಫಿಲ್ಟರ್ ಆಫ್ ಆಗಿದೆಯೇ ನೋಡಿಕೊಳ್ಳಿ, ಎಷ್ಟೋ ಫೋನುಗಳಲ್ಲಿ ಅದು ತಾನಾಗಿಯೇ ಆನ್ ಇರುತ್ತದೆ.

## 4. ಸರಿಯಾದ ಅಳತೆಯಲ್ಲಿ ಶುರು ಮಾಡಿ

ಅಳತೆ ತಪ್ಪಿದರೆ ಮುಂದಿನ ಹಂತಗಳೆಲ್ಲ ಹಾಳು. ಜಾಸ್ತಿ ಹಚ್ಚಿ ಚರ್ಮ ಸುಟ್ಟುಕೊಂಡರೆ ಪರ್ಜಿಂಗ್ ಯಾವುದು, ಉರಿ ಯಾವುದು ಎಂದು ಬೇರ್ಪಡಿಸಲು ಬರುವುದಿಲ್ಲ.

ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು ಜೆಲ್ ಸಾಕು. ಗುಳ್ಳೆಯ ಮೇಲೆ ಮಾತ್ರ ಚುಕ್ಕೆ ಇಡುವುದಲ್ಲ, ತೆಳುವಾಗಿ ಎಲ್ಲ ಕಡೆ ಹರಡಬೇಕು. ಕಣ್ಣಿನ ಸುತ್ತ, ತುಟಿಯ ಮೂಲೆ, ಮೂಗಿನ ಪಕ್ಕದ ಮಡಿಕೆ ಬಿಡಿ. ಡಾಕ್ಟರು ಬೇರೆ ಹೇಳಿರದಿದ್ದರೆ ಮೊದಲ ಎರಡು ವಾರ ವಾರಕ್ಕೆ ಮೂರು ರಾತ್ರಿ, ಆಮೇಲೆ ದಿನ ಬಿಟ್ಟು ದಿನ, ತಡೆದುಕೊಂಡರೆ ದಿನಾ ರಾತ್ರಿ. ಗರ್ಭಿಣಿಯರು ಮತ್ತು ಗರ್ಭ ಧರಿಸುವ ಯೋಚನೆ ಇರುವವರು ಅಡಾಪಲೀನ್, ಟ್ರೆಟಿನಾಯಿನ್, ರೆಟಿನಾಲ್ ಹಚ್ಚಬಾರದು.

ನಮ್ಮ ಕಡೆ ಆಗುವ ಒಂದು ತಪ್ಪು ಬಚ್ಚಲೊಲೆಯದ್ದು. ಚಳಿಗೆ ಹಂಡೆಯ ಕುದಿ ನೀರಿನಲ್ಲಿ ಮುಖ ತೊಳೆದು, ಕೆಂಪಗಾದ ಒದ್ದೆ ಚರ್ಮಕ್ಕೇ ಜೆಲ್ ಹಚ್ಚುತ್ತಾರೆ. ಉರಿ ಇಮ್ಮಡಿಯಾಗುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಿರಿ, ಒರೆಸಿ, 20 ನಿಮಿಷ ಬಿಡಿ. ಮಳೆಗಾಲದಲ್ಲಿ ಗಾಳಿಯೇ ಒದ್ದೆ ಇರುವುದರಿಂದ ಮುಖ ನಿಜವಾಗಿ ಒಣಗಲು ಅಷ್ಟು ಹೊತ್ತು ಬೇಕಾಗುತ್ತದೆ.

## 5. ವಾರಕ್ಕೊಮ್ಮೆ ಜಾಗ ಜಾಗವಾಗಿ ನಾಲ್ಕು ಪ್ರಶ್ನೆ ಕೇಳಿ

ದಿನಾ ಕನ್ನಡಿ ನೋಡಿ ತೀರ್ಮಾನ ಮಾಡಬೇಡಿ. ವಾರಕ್ಕೊಮ್ಮೆ ನೋಟ್‌ಬುಕ್ ತೆಗೆದು, ಒಂದೊಂದು ಭಾಗಕ್ಕೂ ಈ ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಿ.

ಇದು ಹಳೆಯ ಜಾಗವೇ? ಮೊದಲೂ ಮೊಡವೆ ಆಗುತ್ತಿದ್ದ ಕೆನ್ನೆಯಲ್ಲಿ ಬಂದರೆ ಪರ್ಜಿಂಗ್ ಇರಬಹುದು. ಯಾವತ್ತೂ ಏನೂ ಆಗದ ಜಾಗದಲ್ಲಿ ಸಾಲುಗಟ್ಟಿ ಎದ್ದರೆ ಬೇರೆ ಕಾರಣ ಹುಡುಕಿ. ಕೂದಲಂಚಿನ ಉದ್ದಕ್ಕೆ ಬಂದರೆ ಎಣ್ಣೆ, ಹೆಲ್ಮೆಟ್ಟು ನೆನಪಾಗಬೇಕು. ಒಂದೇ ಕೆನ್ನೆಗೆ ಬಂದರೆ ದಿಂಬಿನ ಬಟ್ಟೆ. ಮಳೆಗಾಲದಲ್ಲಿ ಅರೆ ಒಣಗಿದ ದಿಂಬಿನ ಕವರನ್ನೇ ಹಾಕಿ ಮಲಗುವುದು ನಮಗೆ ಅಭ್ಯಾಸ ಆಗಿಬಿಟ್ಟಿದೆ ಅಲ್ವಾ.

ಗುಳ್ಳೆಗಳು ಹೇಗಿವೆ? ಪರ್ಜಿಂಗ್‌ನಲ್ಲಿ ಬೆರಕೆ ಇರುತ್ತದೆ. ಬ್ಲ್ಯಾಕ್‌ಹೆಡ್, ವೈಟ್‌ಹೆಡ್, ಸಣ್ಣ ಕೆಂಪು ಗುಳ್ಳೆ, ಒಂದೆರಡು ಕೀವಿನ ಗುಳ್ಳೆ. ಎಲ್ಲವೂ ಸಾಸಿವೆಯಷ್ಟೇ ದಪ್ಪ, ಅಚ್ಚು ಒತ್ತಿದಂತೆ ಒಂದೇ ತರಹ, ಜೊತೆಗೆ ತುರಿಕೆ ಇದ್ದರೆ ಅದು ಮೊಡವೆಯೇ ಅಲ್ಲದಿರಬಹುದು. ಕೂದಲ ಬುಡದಲ್ಲಿ ಮಲಸೀಜಿಯಾ ಎಂಬ ಫಂಗಸ್ ಬೆಳೆದಾಗ ಹೀಗಾಗುತ್ತದೆ. ಬೆವರು, ತೇವ, ಎಣ್ಣೆ ಇದ್ದರೆ ಅದು ಹೆಚ್ಚುತ್ತದೆ. ಹಣೆ, ಎದೆ, ಬೆನ್ನಿನ ಮೇಲ್ಭಾಗ ಅದರ ಜಾಗ. ಮೊಡವೆಗೆಂದು ಆಂಟಿಬಯೋಟಿಕ್ ಮಾತ್ರೆ ತಗೊಳ್ಳುತ್ತಿರುವವರಲ್ಲೂ ಇದು ಏಳುತ್ತದೆ. ಅಡಾಪಲೀನ್‌ಗೆ ಇದು ಬಗ್ಗುವುದಿಲ್ಲ.

ಒಂದು ಗುಳ್ಳೆ ಎಷ್ಟು ದಿನ ಇರುತ್ತದೆ? ಒಂದೇ ಒಂದು ಗುಳ್ಳೆ ಆರಿಸಿ, ಬಂದ ದಿನಾಂಕ ಬರೆಯಿರಿ, ಚಪ್ಪಟೆಯಾದ ದಿನಾಂಕ ಬರೆಯಿರಿ. ಮೊದಲು ಹತ್ತು ದಿನ ಇರುತ್ತಿದ್ದದ್ದು ಈಗ ಐದಾರು ದಿನಕ್ಕೆ ಒಣಗಿದರೆ ಒಳ್ಳೆಯ ಗುರುತು. ಗುಳ್ಳೆ ಹೋದ ಮೇಲೆ ಉಳಿಯುವ ಕಪ್ಪು ಕಲೆಯನ್ನು ಎಣಿಸಬೇಡಿ. ನಮ್ಮ ಬಣ್ಣದ ಚರ್ಮದಲ್ಲಿ ಕಲೆ ತಿಂಗಳುಗಟ್ಟಲೆ ಇರುತ್ತದೆ. ಕಲೆ ನೋಡಿ "ಮೊಡವೆ ಹೋಗ್ಲೇ ಇಲ್ಲ" ಎನ್ನುವವರು ಬಹಳ.

ಉರಿ ಇದೆಯೇ? ಗುಳ್ಳೆಗಿಂತ ಹೆಚ್ಚಾಗಿ ಉರಿ, ಕೆಂಪು, ಸಿಪ್ಪೆ ಏಳುವುದು ಇದ್ದರೆ, ಅದೂ ತುಟಿಯ ಮೂಲೆ, ಮೂಗಿನ ಪಕ್ಕ, ಕಣ್ಣಿನ ಕೆಳಗೆ ಇದ್ದರೆ, ಚರ್ಮದ ಹೊರಪದರ ಕೆಟ್ಟಿದೆ. ನೀರು ತಾಗಿದರೂ ಚುರುಗುಟ್ಟುತ್ತದೆ. ಸ್ವಲ್ಪ ಒಣಗುವುದು ಮಾಮೂಲು. ಮಾಯಿಶ್ಚರೈಸರ್ ಹಚ್ಚಿದರೂ ಉರಿದರೆ ಮಾಮೂಲಲ್ಲ.

## 6. ದಿನಗಳ ಲೆಕ್ಕ

ಪರ್ಜಿಂಗ್ ಸಾಮಾನ್ಯವಾಗಿ ಮೊದಲ ನಾಲ್ಕು ವಾರದೊಳಗೆ ಶುರುವಾಗುತ್ತದೆ, ಆರರಿಂದ ಎಂಟು ವಾರಕ್ಕೆ ಇಳಿಯುತ್ತದೆ. ಅಡಾಪಲೀನ್‌ನ ಪೂರ್ತಿ ಫಲ ಕಾಣಲು 12 ವಾರ ಬೇಕು.

ಇಲ್ಲಿ ನೋಡಬೇಕಾದ್ದು ಗುಳ್ಳೆ ಎಷ್ಟಿದೆ ಎನ್ನುವುದಕ್ಕಿಂತ ಲೆಕ್ಕ ಯಾವ ಕಡೆ ಹೋಗುತ್ತಿದೆ ಎನ್ನುವುದನ್ನು. ನಾಲ್ಕನೇ ವಾರ ಏರಿ, ಆರನೇ ವಾರ ಇಳಿದರೆ ಸರಿ. ಎಂಟನೇ ವಾರವೂ ಏರುತ್ತಲೇ ಇದ್ದರೆ ಪರ್ಜಿಂಗ್ ಎಂಬ ಹೆಸರು ಬಿಟ್ಟುಬಿಡಿ, ಡಾಕ್ಟರಿಗೆ ತೋರಿಸಿ. ಹಚ್ಚಿದ ಒಂದೆರಡು ದಿನದಲ್ಲೇ ಮುಖ ತುರಿಸಿ ಊದಿದರೆ ಅದೂ ಪರ್ಜಿಂಗ್ ಅಲ್ಲ, ಅಲರ್ಜಿಯ ಅನುಮಾನ. ಎರಡು ತಿಂಗಳು ಎಲ್ಲ ಚೆನ್ನಾಗಿದ್ದು ಮೂರನೇ ತಿಂಗಳು ಒಮ್ಮೆಗೇ ಗುಳ್ಳೆ ಎದ್ದರೆ ಹೊಸದಾಗಿ ಏನು ಬದಲಾಯಿತು ಎಂದು ಹುಡುಕಿ. ಅಳತೆ ಹೆಚ್ಚಿಸಿದಾಗ ಮಾತ್ರ ಸಣ್ಣದೊಂದು ಪರ್ಜಿಂಗ್ ಮತ್ತೆ ಬರಬಹುದು.

## 7. ಒಂದು ಮುಖ, ಎರಡು ತೊಂದರೆ: ನನ್ನ ಅಕ್ಕನ ಮಗಳ ನೋಟ್‌ಬುಕ್

ಅಕ್ಕನ ಮನೆ ತೀರ್ಥಹಳ್ಳಿ ಹತ್ತಿರ. ಮಗಳಿಗೆ 21 ವರ್ಷ, ದಿನಾ ಸ್ಕೂಟಿಯಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಜೂನ್ ಎರಡನೇ ವಾರ ಡಾಕ್ಟರು ಬರೆದುಕೊಟ್ಟ ಅಡಾಪಲೀನ್ ಶುರು ಮಾಡಿದಳು. ಶುರು ಮಾಡುವಾಗ ಕೆನ್ನೆಗಳಲ್ಲಿ 6, ಗಲ್ಲದಲ್ಲಿ 4, ಹಣೆಯಲ್ಲಿ 1 ಗುಳ್ಳೆ.

ನಾಲ್ಕನೇ ವಾರ ಫೋನ್ ಬಂತು. "ಚಿಕ್ಕಮ್ಮ, ಮುಖ ಪೂರ್ತಿ ಹಾಳಾಯ್ತು. ಬಿಟ್ಟುಬಿಡ್ಲಾ?"

"ಪೂರ್ತಿ ಅನ್ಬೇಡ ಪುಟ್ಟಿ. ಒಂದೊಂದು ಜಾಗದ್ದು ಓದಿ ಹೇಳು" ಎಂದೆ.

ಕೆನ್ನೆಗಳಲ್ಲಿ 13, ಗಲ್ಲದಲ್ಲಿ 8, ಹಣೆಯಲ್ಲಿ 20ಕ್ಕೂ ಮೇಲೆ. ಕೆನ್ನೆ ಮತ್ತು ಗಲ್ಲ ಹಳೆಯ ಜಾಗ. ಗುಳ್ಳೆಗಳು ಬೆರಕೆ ಇದ್ದವು. ಅವಳು ಗುರುತು ಹಾಕಿದ ಒಂದು ಗುಳ್ಳೆ ಐದು ದಿನಕ್ಕೆ ಚಪ್ಪಟೆಯಾಗಿತ್ತು, ಮೊದಲೆಲ್ಲ ಹತ್ತು ದಿನ ಇರುತ್ತಿತ್ತು. ಉರಿ ಇಲ್ಲ. ಅಲ್ಲಿ ಪರ್ಜಿಂಗ್ ಎಂದು ಧೈರ್ಯವಾಗಿ ಹೇಳಬಹುದಿತ್ತು.

ಹಣೆಯ ಕಥೆ ಬೇರೆ. ಅಲ್ಲಿ ಮೊದಲು ಆ ಒಂದು ಗುಳ್ಳೆ ಬಿಟ್ಟರೆ ಮೊಡವೆಯೇ ಇರಲಿಲ್ಲ. ಗುಳ್ಳೆಗಳೆಲ್ಲ ಒಂದೇ ಅಳತೆ, ಬ್ಲ್ಯಾಕ್‌ಹೆಡ್ ಒಂದೂ ಇಲ್ಲ. ಹೆಲ್ಮೆಟ್ ತೆಗೆದ ತಕ್ಷಣ ತುರಿಕೆ. ಕೇಳಿದಾಗ ಉಳಿದದ್ದು ಹೊರಬಂತು. ಮಳೆಯಲ್ಲಿ ಒದ್ದೆಯಾದ ಹೆಲ್ಮೆಟ್ಟಿನ ಒಳಬಟ್ಟೆ ಮರುದಿನಕ್ಕೂ ಒಣಗುತ್ತಿರಲಿಲ್ಲ. ರಾತ್ರಿ ಅಜ್ಜಿ ತಲೆಗೆ ಕೊಬ್ಬರಿ ಎಣ್ಣೆ ತಟ್ಟುತ್ತಿದ್ದರು.

ಜೆಲ್ ಬಿಡಬೇಡ, ಹಣೆಯನ್ನು ಡಾಕ್ಟರಿಗೆ ತೋರಿಸು ಎಂದೆ. ಅವರು ಒಂದು ಗುಳ್ಳೆಯನ್ನು ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡಿ ಫಂಗಸ್ ಎಂದರು, ಅದಕ್ಕೆ ಔಷಧಿ ಬರೆದರು. ಎಣ್ಣೆಯನ್ನು ತಲೆ ಸ್ನಾನಕ್ಕೆ ಒಂದು ಗಂಟೆ ಮೊದಲು ಮಾತ್ರ ಹಚ್ಚಿ ತೊಳೆದುಬಿಡುವಂತೆ ಅಜ್ಜಿಯನ್ನು ಒಪ್ಪಿಸಲು ಅಕ್ಕನಿಗೆ ಸಾಕಾಯಿತು. ಹೆಲ್ಮೆಟ್ಟಿನೊಳಗೆ ಹಾಕಲು ನಾಲ್ಕು ಹತ್ತಿ ಬಟ್ಟೆ ಇಟ್ಟುಕೊಂಡಳು, ಒಲೆಯ ಹತ್ತಿರ ಒಣಗಿಸಿ ದಿನಕ್ಕೊಂದು.

ಒಂಬತ್ತನೇ ವಾರ ಹಣೆಯಲ್ಲಿ 5 ಉಳಿದಿತ್ತು. ಕೆನ್ನೆಗಳಲ್ಲಿ 4, ಗಲ್ಲದಲ್ಲಿ 3, ಅಂದರೆ ಶುರು ಮಾಡಿದ ದಿನಕ್ಕಿಂತ ಕಡಿಮೆ. ನಾಲ್ಕನೇ ವಾರ ಎಲ್ಲವನ್ನೂ ಬಿಟ್ಟಿದ್ದರೆ ಕೆನ್ನೆ ಗುಣವಾಗುತ್ತಿರಲಿಲ್ಲ. ಎಲ್ಲವನ್ನೂ ಪರ್ಜಿಂಗ್ ಎಂದು ಸುಮ್ನೆ ಕೂತಿದ್ದರೆ ಹಣೆ ಇನ್ನೂ ಕೆಡುತ್ತಿತ್ತು.

## 8. ಗೊತ್ತಾದ ಮೇಲೆ ಏನು ಮಾಡಬೇಕು

ಪರ್ಜಿಂಗ್ ಆಗಿದ್ದರೆ ಜೆಲ್ ಮುಂದುವರಿಸಿ. ಬೇಗ ಹೋಗಲಿ ಎಂದು ಜೊತೆಗೆ ಸ್ಯಾಲಿಸಿಲಿಕ್ ಆಸಿಡ್, ಸ್ಕ್ರಬ್, ನಿಂಬೆರಸ ಸೇರಿಸುವುದು ಅತಿ ದೊಡ್ಡ ತಪ್ಪು. ಚಿವುಟಬೇಡಿ. ಐದು ದಿನಕ್ಕೆ ಹೋಗುವ ಗುಳ್ಳೆಯನ್ನು ಐದು ತಿಂಗಳ ಕಲೆ ಮಾಡಿಕೊಳ್ಳುತ್ತೀರಿ. ಬೆಳಿಗ್ಗೆ ಮೋಡವಿದ್ದರೂ ಸನ್‌ಸ್ಕ್ರೀನ್ ಹಚ್ಚಿ, ಇಲ್ಲದಿದ್ದರೆ ಕಲೆ ಇನ್ನೂ ಕಪ್ಪಾಗುತ್ತದೆ.

ಉರಿ ಮತ್ತು ಸಿಪ್ಪೆ ಆಗಿದ್ದರೆ ಜೆಲ್ ಒಂದು ವಾರ ನಿಲ್ಲಿಸಿ, ಫೇಸ್‌ವಾಶ್ ಮತ್ತು ಮಾಯಿಶ್ಚರೈಸರ್ ಮಾತ್ರ ಇಟ್ಟುಕೊಳ್ಳಿ. ಉರಿ ಪೂರ್ತಿ ಇಳಿದ ಮೇಲೆ ವಾರಕ್ಕೆ ಎರಡು ರಾತ್ರಿಯಿಂದ ಮತ್ತೆ ಶುರು ಮಾಡಿ. ಮೊದಲು ಮಾಯಿಶ್ಚರೈಸರ್, ಅದರ ಮೇಲೆ ಜೆಲ್. ಹೀಗೆ ನಿಲ್ಲಿಸಿ ನೋಡುವ ಪರೀಕ್ಷೆ ಉರಿಯನ್ನು ಗುರುತಿಸಲು ಮಾತ್ರ ಸರಿ. ಗುಳ್ಳೆಗೆ ಇದು ನಡೆಯುವುದಿಲ್ಲ. ಜೆಲ್ ನಿಲ್ಲಿಸಿದರೂ ಮೇಲೆ ಬರಲು ಹೊರಟ ಗುಳ್ಳೆಗಳು ಇನ್ನೂ ಕೆಲವು ದಿನ ಬರುತ್ತಲೇ ಇರುತ್ತವೆ. ಅದನ್ನು ನೋಡಿ "ಜೆಲ್ಲಿನದ್ದಲ್ಲ" ಎಂದುಕೊಂಡರೆ ಲೆಕ್ಕ ತಪ್ಪುತ್ತದೆ.

ಎಣ್ಣೆಯೋ ಹೊಸ ಕ್ರೀಮೋ ರಂಧ್ರ ಕಟ್ಟಿಸಿದ್ದರೆ ಅದನ್ನು ನಿಲ್ಲಿಸಿ, ನಾಲ್ಕರಿಂದ ಆರು ವಾರ ಕೊಡಿ. ಒಂದು ವಾರಕ್ಕೆ ಫಲ ಕೇಳಬೇಡಿ.

## 9. ಎಣಿಸುತ್ತಾ ಕೂರಬಾರದ ಗುರುತುಗಳು

ತುಟಿ, ಕಣ್ಣಿನ ರೆಪ್ಪೆ ಊದಿಕೊಂಡರೆ, ನೀರು ತುಂಬಿದ ಬೊಕ್ಕೆ ಎದ್ದರೆ, ಚರ್ಮ ಹಸಿಯಾಗಿ ಜಿನುಗಿದರೆ ಜೆಲ್ ತೊಳೆದು ಅವತ್ತೇ ಡಾಕ್ಟರನ್ನು ನೋಡಿ. ಉಸಿರು ಕಟ್ಟಿದಂತಾದರೆ ಚರ್ಮದ ಡಾಕ್ಟರಿಗೆ ಕಾಯಬೇಡಿ, ತುರ್ತು ಚಿಕಿತ್ಸೆಗೇ ಹೋಗಿ.

ಚರ್ಮದ ಆಳದಲ್ಲಿ ಗಂಟಿನಂತೆ, ಮುಟ್ಟಿದರೆ ನೋಯುವ ದೊಡ್ಡ ಗುಳ್ಳೆಗಳು ಬರುತ್ತಿದ್ದರೆ ಎಂಟು ವಾರ ಕಾಯುವ ನಿಯಮ ಅನ್ವಯಿಸುವುದಿಲ್ಲ. ಅವು ಒಣಗಿದ ಮೇಲೆ ಗುಂಡಿ ಬೀಳುತ್ತದೆ, ಬಿದ್ದ ಗುಂಡಿ ತುಂಬಿಸುವುದು ಬಹಳ ಕಷ್ಟ. ಗುಳ್ಳೆಗಳ ಜೊತೆ ಜ್ವರ ಬಂದರೂ ಹಾಗೆಯೇ.

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗ ಇದೆ. ಅಲ್ಲಿಗೆ ಹೋಗಲಿ, ಖಾಸಗಿ ಡಾಕ್ಟರ ಹತ್ತಿರ ಹೋಗಲಿ, ಆ ನೋಟ್‌ಬುಕ್ ಮತ್ತು ವಾರದ ಫೋಟೋಗಳನ್ನು ತೋರಿಸಿ. ಮುಖಕ್ಕೆ, ತಲೆಗೆ ಹಚ್ಚುವ ಎಲ್ಲ ಟ್ಯೂಬ್, ಬಾಟಲಿಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ, ಎಣ್ಣೆಯದ್ದೂ ಸೇರಿಸಿ. ಹೋಗುವ ದಿನ ಬೆಳಿಗ್ಗೆ ಮುಖಕ್ಕೆ ಪೌಡರ್ ಹಚ್ಚಬೇಡಿ.